ಸೆರಗಿನ ಕುಚ್ಚಿನ ಫೋಟೊ ಹಾಕಿದ್ದೀರಾ?

ಯಾವುದಾದರೂ ಶಾಪಿಂಗ್ ಆ್ಯಪ್ ತೆರೆದು ‘ಇಳಕಲ್ ಸೀರೆ’ ಎಂದು ಹುಡುಕಿ ನೋಡಿ. ₹700ಕ್ಕೂ ಇದೆ, ₹2,600ಕ್ಕೂ ಇದೆ. ಎರಡರ ಫೋಟೊದಲ್ಲೂ ಅದೇ ಕಡುನೀಲಿ ಮೈ, ಅದೇ ಕೆಂಪು ಸೆರಗು, ಅದೇ ನಗುವ ಮಾಡೆಲ್. ಕೆಳಗಿನ ವಿವರಣೆ ಓದಿದರೆ ಎರಡರಲ್ಲೂ ‘ಅಪ್ಪಟ ಕೈಮಗ್ಗ, ಉತ್ತಮ ಗುಣಮಟ್ಟ, ಹಬ್ಬಕ್ಕೆ ಮದುವೆಗೆ ಸೂಕ್ತ’ ಎಂದೇ ಇರುತ್ತದೆ. ಇಷ್ಟು ಓದಿದ ಮೇಲೆ ಯಾರಾದರೂ ₹700ರದ್ದನ್ನೇ ಕೊಂಡರೆ ಅವರನ್ನು ದೂರುವಂತಿಲ್ಲ. ₹1,900 ಹೆಚ್ಚಿಗೆ ಯಾಕೆ ಕೊಡಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ.

ಅಂಗಡಿಯಲ್ಲಾದರೆ ಸೀರೆ ಬಲ್ಲ ಹೆಂಗಸರು ಯಾರ ಮಾತನ್ನೂ ಕೇಳುವುದಿಲ್ಲ. ಸೆರಗು ಬಿಡಿಸುತ್ತಾರೆ, ಮಗುಚಿ ಹಿಂಬದಿ ನೋಡುತ್ತಾರೆ, ಅಂಚನ್ನು ಬೆರಳಲ್ಲಿ ಉಜ್ಜುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ. ಆನ್‌ಲೈನ್‌ನಲ್ಲಿ ಆ ಬೆರಳುಗಳಿಲ್ಲ. ಆ ಬೆರಳು ಮಾಡುವ ಕೆಲಸವನ್ನು ನಾವು ಬರೆಯುವ ವಿವರಣೆಯೇ ಮಾಡಬೇಕು. ಅದಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಸೀರೆ ಮನೆಗೆ ತಲುಪಿದ ಮೇಲೆ ಕೊಂಡವರು ಅದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬಲ್ಲ ಮಾತನ್ನು ಮಾತ್ರ ಬರೆಯುವುದು. ‘ಅಪ್ಪಟ’, ‘ಉತ್ತಮ’ ಎನ್ನುವುದನ್ನು ಪರೀಕ್ಷಿಸಲು ಬರುವುದಿಲ್ಲ. ‘ಸೆರಗಿನ ಕುಚ್ಚಿನಲ್ಲಿ ಒಂದೂ ನೀಲಿ ಎಳೆ ಇಲ್ಲ’ ಎನ್ನುವುದನ್ನು ಎರಡೇ ನಿಮಿಷದಲ್ಲಿ ಪರೀಕ್ಷಿಸಬಹುದು.

ನಾನು ದಾವಣಗೆರೆ ಕಡೆಯವನು, ಬಾಗಲಕೋಟೆಯಲ್ಲಿ ಬಿಇ ಓದುತ್ತಿದ್ದೇನೆ. ಸೀರೆಗೂ ನನಗೂ ಇದ್ದ ಸಂಬಂಧ ಅಮ್ಮನ ಜತೆ ಅಂಗಡಿಗೆ ಹೋಗಿ ಆಕಳಿಸುವಷ್ಟೇ. ನನ್ನ ರೂಮ್‌ಮೇಟ್ ಇಳಕಲ್‌ನವನು, ಮನೆಯಲ್ಲಿ ಮಗ್ಗವಿದೆ. ಅವರದು ಹೆಚ್ಚಾಗಿ ಮಾಲೀಕರಿಂದ ನೂಲು ತಂದು ನೇಯ್ದು ಕೊಟ್ಟು ಕೂಲಿ ಪಡೆಯುವ ಕೆಲಸ. ಅದರ ನಡುವೆ ಬಿಡುವು ಮಾಡಿಕೊಂಡು ತಮ್ಮದೇ ನೂಲಿನಲ್ಲಿ ಒಂದೆರಡು ಸೀರೆ ನೇಯ್ದು ನೇರವಾಗಿ ಮಾರಲು ಹೊರಟಿದ್ದರು. ಮೊದಲ ಸೀರೆಯ ವಿವರಣೆಯನ್ನು ಗೆಳೆಯ ಬೇರೆ ಯಾವುದೋ ಪುಟದಿಂದ ನಕಲು ಮಾಡಿ ಹಾಕಿದ್ದ. ಅದರಲ್ಲಿ ‘ಪ್ಯೂರ್ ಸಿಲ್ಕ್’ ಎಂದಿತ್ತು. ಕೊಂಡವರು ಸೆರಗಿನ ಒಂದು ಎಳೆ ಸುಟ್ಟು ನೋಡಿ, ವಿಡಿಯೊ ಸಮೇತ ಸೀರೆ ವಾಪಸ್ ಕಳುಹಿಸಿದರು. ಹೋಗಿ ಬರುವ ಸಾಗಣೆ ವೆಚ್ಚ ಮನೆಯವರ ಮೇಲೆ ಬಿತ್ತು. ಜತೆಗೆ ‘ಮೋಸ’ ಎಂಬ ಒಂದೇ ಪದದ ವಿಮರ್ಶೆ. ಅವನ ಅವ್ವನಿಗೆ ದುಡ್ಡಿಗಿಂತ ಆ ಪದವೇ ಹೆಚ್ಚು ಚುಚ್ಚಿತ್ತು. ‘ಯಪ್ಪಾ, ನಾ ಯಾವಾಗ ರೇಷ್ಮಿ ಅಂದೆ? ದಡಿಗೆ ಚಮಕಾ ಹಾಕೇನಿ ಅಂತ ಹೇಳಿದ್ನೆಲ್ಲ’ ಎಂದು ನಾನು ಹೋದಾಗಲೂ ಹೇಳುತ್ತಿದ್ದರು. ಚಮಕಾ ಎಂದರೆ ಕೃತಕ ರೇಷ್ಮೆ. ದಡಿ ಎಂದರೆ ನಮ್ಮ ಕಡೆಯ ಅಂಚು.

ಎರಡನೆಯ ಸೀರೆಯ ವಿವರಣೆಯನ್ನು ನಾವಿಬ್ಬರೂ ಅವರ ಮಗ್ಗದ ಪಕ್ಕವೇ ಕುಳಿತು ಬರೆದೆವು. ಅದೇ ಇಲ್ಲಿನ ಕತೆ.

ಮೊದಲು ನೇಯ್ಗೆ. ಸೀರೆಯ ಉದ್ದಕ್ಕೆ ಹರಿಯುವ ಎಳೆ ಹಾಸು, ಲಾಳಿಯೊಂದಿಗೆ ಅಡ್ಡಕ್ಕೆ ಓಡುವ ಎಳೆ ಹೊಕ್ಕು. ‘ಹಾಸುಹೊಕ್ಕು’ ಎಂಬ ಮಾತನ್ನು ನಾನು ಪ್ರಬಂಧಗಳಲ್ಲಿ ಎಷ್ಟೋ ಸಲ ಬರೆದಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಅವರ ಮನೆಯ ಕುಣಿ ಮಗ್ಗದಲ್ಲಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕಾಲಿನಿಂದ ಹಲಗೆ ತುಳಿಯುತ್ತಾ ಕೈಯಿಂದ ಲಾಳಿ ಓಡಿಸುತ್ತಾರೆ.

ಬಹುತೇಕ ಸೀರೆಗಳಲ್ಲಿ ಹಾಸು ಈ ತುದಿಯಿಂದ ಆ ತುದಿಯವರೆಗೆ ಒಂದೇ. ಹಾಗಾಗಿ ಮಗ್ಗಕ್ಕೆ ಉದ್ದನೆಯ ಹಾಸು ಏರಿಸಿ ಒಂದರ ಹಿಂದೊಂದು ಹಲವು ಸೀರೆ ನೇಯಬಹುದು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಹಾಗಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ನೀಲಿ ಹತ್ತಿಯ ಹಾಸು ಹಾಕಿದ್ದರೆ ಸೆರಗಿಗೆ ಕೆಂಪು ರೇಷ್ಮೆಯದ್ದೋ ಕೃತಕ ರೇಷ್ಮೆಯದ್ದೋ ಹಾಸನ್ನು ಬೇರೆಯಾಗಿಯೇ ತಯಾರಿಸುತ್ತಾರೆ. ಆಮೇಲೆ ಮೈಯ ಎಳೆಗಳ ಕುಣಿಕೆಯೊಳಗೆ ಸೆರಗಿನ ಎಳೆಗಳ ಕುಣಿಕೆ ತೂರಿಸಿ ಒಂದಕ್ಕೊಂದು ಸಿಕ್ಕಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ನಾವು ಬಾಗಿಲಿಗೆ ಹಾಕುವ ಕೊಂಡಿಯದೇ ಅರ್ಥ. ಸೀರೆಯ ಅಗಲಕ್ಕೆ ಸಾವಿರಾರು ಎಳೆಗಳಿರುತ್ತವೆ, ಅಷ್ಟನ್ನೂ ಕೈಯಿಂದಲೇ ಸೇರಿಸಬೇಕು. ಒಂದು ಸೀರೆ ಮುಗಿದ ಮೇಲೆ ಮುಂದಿನದಕ್ಕೆ ಮತ್ತೆ ಹೊಸ ಹಾಸು, ಮತ್ತೆ ಕೊಂಡಿ. ನೇಯುವವರು ಒಬ್ಬರಾದರೆ, ನೂಲು ಸುತ್ತುವ, ಹಾಸು ಮಾಡುವ ಕೆಲಸಕ್ಕೆ ಮನೆಯ ಇನ್ನಿಬ್ಬರು ಬೇಕು. ಒಂದು ಸೀರೆಗೆ ಸುಮಾರು ಒಂದು ವಾರ ಹಿಡಿಯುವುದು ಇದರಿಂದಲೇ. ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಇರುವುದೂ ಇಲ್ಲಿಯೇ. ಆದರೆ ನಾನು ನೋಡಿದ ಹತ್ತಾರು ವಿವರಣೆಗಳಲ್ಲಿ ಒಂದರಲ್ಲೂ ಕೊಂಡಿ ಎಂಬ ಪದವೇ ಇರಲಿಲ್ಲ!

ಕೊಂಡಿ ಇದೆಯೇ ಇಲ್ಲವೇ ಎಂದು ತಿಳಿಯಲು ನೇಕಾರರೇ ಆಗಬೇಕಿಲ್ಲ. ಸೀರೆಯ ಎರಡು ತುದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತುದಿಯಲ್ಲಿ ಜೋತುಬಿದ್ದಿರುವ ಎಳೆಗಳೆಲ್ಲ ಹಾಸಿನ ಎಳೆಗಳೇ. ಒಳಗೆ ಸಿಕ್ಕಿಸಿಕೊಳ್ಳುವ ತುದಿಯಲ್ಲಿ ಮೈಯ ಬಣ್ಣದ ಎಳೆಗಳೂ, ಎರಡು ಬದಿಗೆ ದಡಿಯ ಬಣ್ಣದ ಎಳೆಗಳೂ ಇರುತ್ತವೆ. ಸೆರಗಿನ ತುದಿಯ ಕುಚ್ಚಿನಲ್ಲಿ ಮೈಯ ಬಣ್ಣ ಇರಬಾರದು, ಸೆರಗಿನ ಕೆಂಪು ಮಾತ್ರ ಇರಬೇಕು. ಅಲ್ಲೂ ನೀಲಿ ಎಳೆ ಇಣುಕಿದರೆ ಹಾಸು ಮುರಿಯದೆ ಉದ್ದಕ್ಕೂ ಹರಿದಿದೆ, ಕೆಂಪು ಹೊಕ್ಕಿನಿಂದಷ್ಟೇ ಸೆರಗು ತೋರಿಸಿದ್ದಾರೆ ಎಂದರ್ಥ. ಅಂಥ ಸೆರಗಿನ ಕೆಂಪು ಸ್ವಲ್ಪ ಮಂಕಾಗಿರುತ್ತದೆ, ಕಾರಣ ಕೆಳಗಿನ ನೀಲಿ ಅದರಲ್ಲಿ ಬೆರೆತಿರುತ್ತದೆ. ಇನ್ನೊಂದು ಗುರುತು ಮೈ ಮುಗಿದು ಸೆರಗು ಶುರುವಾಗುವ ಗೆರೆ. ಅದನ್ನು ಬೆಳಕಿಗೆ ಹಿಡಿದರೆ ಸಾಲಾಗಿ ಪುಟ್ಟ ಕುಣಿಕೆಗಳು ಕಾಣುತ್ತವೆ, ಬೆರಳಾಡಿಸಿದರೆ ತುಸು ಉಬ್ಬು ತಾಗುತ್ತದೆ. ಈ ಎರಡು ಜಾಗದ ಹತ್ತಿರದ ಫೋಟೊ ಹಾಕಿದರೆ, ಹತ್ತು ಸಾಲಿನ ಹೊಗಳಿಕೆಗೆ ಜಾಗವೇ ಬೇಡ.

ಇದಕ್ಕೂ ಮಿತಿ ಇದೆ. ಕೊಂಡಿ ಇಲ್ಲದ ಸೀರೆಯನ್ನು ಕೈಮಗ್ಗದಲ್ಲೂ ನೇಯಬಹುದು, ನೇಯುತ್ತಾರೆ. ಹಾಗಾಗಿ ಕೊಂಡಿ ಇಲ್ಲ ಎಂದ ಮಾತ್ರಕ್ಕೆ ಅದು ಪವರ್‌ಲೂಮ್ ಎಂದು ತೀರ್ಮಾನಿಸುವಂತಿಲ್ಲ. ಕೊಂಡಿ ಹಾಕಿಲ್ಲದಿದ್ದರೆ ಹಾಕಿಲ್ಲ ಎಂದೇ ಬರೆದು, ಬೆಲೆಯನ್ನು ಅದಕ್ಕೆ ತಕ್ಕಂತೆ ಇಟ್ಟರಾಯಿತು.

ಸೆರಗಿನ ವಿನ್ಯಾಸಕ್ಕೂ ಹೆಸರಿದೆ. ನಮ್ಮ ಸೀರೆಯದು ಟೋಪ ತೆನಿ ಸೆರಗು. ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ, ಬಿಳಿಯಲ್ಲಿ ಜೋಳದ ತೆನೆಯಂಥ ಮೊನೆಗಳು. ದಡಿಗೆ ಗೋಮಿ, ಪರಾಸಪೇಟಿ, ಗಾಡಿ ಎಂಬ ಹೆಸರುಗಳಿವೆ. ‘ಸಾಂಪ್ರದಾಯಿಕ ಬಾರ್ಡರ್’ ಎಂದು ಬರೆಯುವ ಬದಲು ದಡಿಯ ಹೆಸರನ್ನೇ ಬರೆದು, ಅಗಲ ಎಷ್ಟು ಇಂಚು ಎಂದು ಸೇರಿಸಿದರೆ, ಸೀರೆ ಬಲ್ಲವರಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಬಲ್ಲದವರಿಗೆ ಫೋಟೊ ಇದ್ದೇ ಇದೆ.

ಈಗ ಕಷ್ಟದ ಭಾಗ, ಬಟ್ಟೆ ಯಾವುದು ಎಂಬುದು. ಇಳಕಲ್‌ನಲ್ಲಿ ಮೈ, ದಡಿ, ಸೆರಗು ಎಲ್ಲವೂ ರೇಷ್ಮೆಯಾಗಿರುವ ಸೀರೆಯೂ ಇದೆ. ರೇಷ್ಮೆಯ ಜತೆ ಹತ್ತಿ ಸೇರಿದ್ದೂ ಇದೆ, ಕೃತಕ ರೇಷ್ಮೆಯ ಜತೆ ಹತ್ತಿ ಸೇರಿದ್ದೂ ಇದೆ. ಮೂರೂ ಇಳಕಲ್ ಸೀರೆಗಳೇ, ಬೆಲೆ ಮಾತ್ರ ಒಂದೇ ಅಲ್ಲ. ‘ಕಾಟನ್ ಸಿಲ್ಕ್’ ಎಂಬ ಮಾರುಕಟ್ಟೆಯ ಪದ ಎರಡನೆಯದಕ್ಕೂ ಮೂರನೆಯದಕ್ಕೂ ಹೊಂದಿಕೊಂಡುಬಿಡುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ. ಅದಕ್ಕೇ ಸೀರೆಯನ್ನು ಮೂರು ಭಾಗ ಮಾಡಿ ಬರೆಯಬೇಕು ಎಂದು ನಾನು ಹಟ ಹಿಡಿದೆ. ಮೈಯಲ್ಲಿ ಏನಿದೆ, ದಡಿಯಲ್ಲಿ ಏನಿದೆ, ಸೆರಗಿನಲ್ಲಿ ಏನಿದೆ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ.

ಗೆಳೆಯ ಒಪ್ಪಲಿಲ್ಲ. ‘ಕೃತಕ ಅಂತ ಬರದ್ರ ಯಾರ್ ತಗೋತಾರಲೇ?’ ಎಂದ. ಅವನ ಮಾತಿನಲ್ಲೂ ಹುರುಳಿತ್ತು. ಆ ಪದ ನೋಡಿದ ಕೂಡಲೇ ಕೆಲವರು ಪುಟ ಸರಿಸಿ ಮುಂದೆ ಹೋಗುತ್ತಾರೆ. ಆದರೆ ಮೊದಲ ಸೀರೆ ಕೊಂಡವರು ಬೆಂಕಿಯಲ್ಲಿ ಕಂಡುಹಿಡಿದದ್ದನ್ನು ಎರಡನೆಯವರೂ ಕಂಡುಹಿಡಿಯುತ್ತಾರೆ. ಆ ಪರೀಕ್ಷೆ ಅಷ್ಟು ಸುಲಭ. ನಾವೇ ಮಾಡಿ ನೋಡಿದೆವು. ಸೆರಗಿನ ಕುಚ್ಚಿನಿಂದ ಎರಡು ಇಂಚಿನ ಎಳೆಯೊಂದನ್ನು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸಿದೆವು. ಕಾಗದ ಉರಿದಂತೆ ಸರ್ರನೆ ಉರಿಯಿತು, ವಾಸನೆಯೂ ಕಾಗದದ್ದೇ, ಉಳಿದದ್ದು ಹಗುರವಾದ ಬೂದಿ. ಅಲ್ಲಿಗೆ ಅದು ವಿಸ್ಕೋಸ್ ರೇಯಾನ್ ಎಂದಾಯಿತು. ನಿಜವಾದ ರೇಷ್ಮೆಯಾದರೆ ನಿಧಾನವಾಗಿ ಉರಿದು ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಗುಳಿಗೆ ಉಳಿಯುತ್ತದೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಮರದ ತಿರುಳಿನಿಂದ ಮಾಡುವ ನೂಲು. ಹತ್ತಿಯಂತೆ ಅದೂ ಸೆಲ್ಯುಲೋಸೇ, ಅದಕ್ಕೇ ಕಾಗದದ ವಾಸನೆ. ಮೊದಲ ವರ್ಷದ ಕೆಮಿಸ್ಟ್ರಿ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಈ ಪರೀಕ್ಷೆಯಿಂದ ಹತ್ತಿಯನ್ನೂ ವಿಸ್ಕೋಸನ್ನೂ ಬೇರ್ಪಡಿಸಲು ಆಗುವುದಿಲ್ಲ, ಎರಡೂ ಒಂದೇ ಥರ ಉರಿಯುತ್ತವೆ. ರೇಷ್ಮೆಯೋ ಅಲ್ಲವೋ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ.

ಜಗಳ ಮುಗಿಸಿದ್ದು ಅವ್ವ. ‘ಹಾಕಿದ್ದನ್ನ ಬರೀರಿ. ಚಮಕಾ ಹಾಕಿದ್ದಕ್ಕ ನಾ ಏನ್ ಕಳ್ಳಿ ಅಲ್ಲ’ ಎಂದರು.

ಇನ್ನು ಕೈಮಗ್ಗ ಎಂಬ ಮಾತು. ಕೊಂಡಿ ಬಿಟ್ಟು ಮೈಯನ್ನಷ್ಟೇ ನೋಡಿ ಕೈಮಗ್ಗವೋ ಪವರ್‌ಲೂಮೋ ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ಆದರೂ ಒಂದು ವ್ಯತ್ಯಾಸ ಅಳೆಯಲು ಸಿಗುತ್ತದೆ. ಪವರ್‌ಲೂಮ್‌ನಲ್ಲಿ ಒಂದೊಂದು ಹೊಕ್ಕಿಗೂ ಬಟ್ಟೆಯನ್ನು ಇಂತಿಷ್ಟೇ ಎಂದು ಗಿಯರ್ ಎಳೆದುಕೊಳ್ಳುತ್ತದೆ, ಹಾಗಾಗಿ ಎಳೆಗಳ ದಟ್ಟಣೆ ಉದ್ದಕ್ಕೂ ಸಮ. ಕುಣಿ ಮಗ್ಗದಲ್ಲಿ ಸಾಮಾನ್ಯವಾಗಿ ಒಂದಷ್ಟು ನೇಯ್ದ ಮೇಲೆ ನೇಕಾರರೇ ಬಟ್ಟೆ ಸುತ್ತಿಕೊಳ್ಳುತ್ತಾರೆ, ಹೊಕ್ಕನ್ನು ಒತ್ತುವ ಬಲವೂ ಕೈಯದ್ದೇ. ಬೆಳಿಗ್ಗೆಯ ಕೈ ಬೇರೆ, ಸಂಜೆಯ ಕೈ ಬೇರೆ. ಸೀರೆಯ ಮೇಲೆ ಸ್ಕೇಲ್ ಇಟ್ಟು ಮೂರು ಕಡೆ ಹತ್ತಿರದಿಂದ ಫೋಟೊ ತೆಗೆದು, ಲ್ಯಾಪ್‌ಟಾಪ್‌ನಲ್ಲಿ ಹಿಗ್ಗಿಸಿ, ಒಂದು ಇಂಚಿನಲ್ಲಿ ಎಷ್ಟು ಹೊಕ್ಕು ಎಂದು ಎಣಿಸಿದೆವು. ಒಂದು ಕಡೆ 62, ಇನ್ನೊಂದು ಕಡೆ 66, ಮತ್ತೊಂದು ಕಡೆ 61. ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಅಲ್ಲ, ಒಂದು ಸುಳಿವು ಅಷ್ಟೇ. ಆದರೆ ‘ಎಳೆಗಳು ಅಲ್ಲಲ್ಲಿ ಒತ್ತಾಗಿ, ಅಲ್ಲಲ್ಲಿ ತುಸು ಬಿಡಿಯಾಗಿ ಕಾಣಬಹುದು, ಕೈಯಲ್ಲಿ ನೇಯ್ದದ್ದರಿಂದ ಹೀಗೆ’ ಎಂಬ ಸಾಲನ್ನು ಮೊದಲೇ ಬರೆದಿದ್ದರೆ, ಅದನ್ನು ದೋಷ ಎಂದು ವಾಪಸ್ ಕಳುಹಿಸುವವರು ಕಡಿಮೆಯಾಗುತ್ತಾರೆ. ಹಾಗೆಂದು ಹರಿದ ಎಳೆಯನ್ನೂ ಎಣ್ಣೆ ಕಲೆಯನ್ನೂ ‘ಕೈಮಗ್ಗದ ಸೊಬಗು’ ಎಂದು ದಾಟಿಸುವುದು ಬೇಡ. ಕಲೆ ಇದ್ದರೆ ಅದರದ್ದೂ ಒಂದು ಫೋಟೊ ಹಾಕಬೇಕು.

ಮುದ್ರೆಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೈಮಗ್ಗದ್ದು ಎಂದು ಹೇಳಲು ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಚೀಟಿ ಇದೆ, 2006ರಲ್ಲಿ ಬಂದದ್ದು. ನೋಂದಾಯಿಸಿಕೊಂಡವರಿಗೆ ಕೊಡುವ ಈ ಚೀಟಿಯನ್ನು ಸೀರೆಗೇ ಹಚ್ಚಬೇಕು. ಸಿಲ್ಕ್ ಮಾರ್ಕ್ ಬೇರೆ, ಅದು ನಿಜವಾದ ರೇಷ್ಮೆಗೆ. ಕೃತಕ ರೇಷ್ಮೆಯ ದಡಿ ಇರುವ ನಮ್ಮ ಸೀರೆಗೆ ಅದು ಸಿಗುವುದೇ ಇಲ್ಲ. ಮೂರನೆಯದು ಭೌಗೋಳಿಕ ಸೂಚಕ, ಅಂದರೆ ಜಿಐ. ‘ಇಳಕಲ್ ಸೀರೆ’ ಎಂಬ ಹೆಸರಿಗೆ ಜಿಐ ನೋಂದಣಿ ಇದೆ. ಹಾಗಾಗಿ ಅದು ಕೇವಲ ಒಂದು ಡಿಸೈನಿನ ಹೆಸರಲ್ಲ, ಒಂದು ಊರಿನ ಹೆಸರು. ಬೇರೆಲ್ಲೋ ನೇಯ್ದದ್ದಕ್ಕೆ ಆ ಹೆಸರು ಅಂಟಿಸಿ ಮಾರುವುದು 1999ರ ಜಿಐ ಕಾಯ್ದೆಯ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ₹50 ಸಾವಿರದಿಂದ ₹2 ಲಕ್ಷದವರೆಗೆ ದಂಡ ಎಂದು ಕಾನೂನಿನಲ್ಲಿದೆ. ಆ್ಯಪ್‌ನಲ್ಲಿ ಹುಡುಕಿದರೆ ಆ ಭಯ ಯಾರಿಗೂ ಇದ್ದಂತಿಲ್ಲ.

ಇಷ್ಟಾದರೂ ನಾವು ಜಿಐ ಲಾಂಛನವನ್ನು ಹಾಕಲಿಲ್ಲ. ಆ ಕಾಯ್ದೆಯಲ್ಲಿ ‘ಅಧಿಕೃತ ಬಳಕೆದಾರ’ ಎಂದು ಒಬ್ಬೊಬ್ಬ ನೇಕಾರರೂ ನೋಂದಾಯಿಸಿಕೊಳ್ಳುವ ವ್ಯವಸ್ಥೆ ಇದೆ, ಅವ್ವನ ಹೆಸರಿನಲ್ಲಿ ಅದು ಇನ್ನೂ ಆಗಿಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯೂ ಇಲ್ಲ. ಇಲ್ಲದ ಲಾಂಛನವನ್ನು ಗೂಗಲ್‌ನಿಂದ ಇಳಿಸಿಕೊಂಡು ಫೋಟೊದ ಮೂಲೆಗೆ ಅಂಟಿಸುವುದು ಐದು ನಿಮಿಷದ ಕೆಲಸ. ಹಲವರು ಮಾಡುವುದೂ ಅದನ್ನೇ. ಅದರ ಬದಲು ಊರು, ತಾಲ್ಲೂಕು, ಜಿಲ್ಲೆ, ಯಾವ ಮಗ್ಗ, ನೇಯ್ದ ತಿಂಗಳು ಇಷ್ಟನ್ನು ಬರೆದೆವು. ಸೀರೆ ಇನ್ನೂ ಮಗ್ಗದ ಮೇಲಿದ್ದಾಗ ತೆಗೆದ ಫೋಟೊ ಒಂದು ಗೆಳೆಯನ ಮೊಬೈಲಿನಲ್ಲಿತ್ತು. ಅದೇ ಸೀರೆ, ಅದೇ ದಡಿ, ಹಿಂದೆ ಮನೆಯ ಗೋಡೆ. ಸಾಧ್ಯವಿದ್ದವರು ಇದನ್ನು ತಪ್ಪದೆ ಮಾಡಬೇಕು. ಸೀರೆ ಮಗ್ಗದಿಂದ ಇಳಿದ ಮೇಲೆ ಆ ಫೋಟೊ ಮತ್ತೆ ಸಿಗುವುದಿಲ್ಲ.

ಹೆಸರಿನ ಬಗ್ಗೆ ಒಂದು ಸಣ್ಣ ಸಂಗತಿ. ಇಳಕಲ್ ಸೀರೆ ಮಹಾರಾಷ್ಟ್ರದಲ್ಲೂ ಬಹಳ ಮಾರಾಟವಾಗುತ್ತದೆ, ಅಲ್ಲಿಯವರು ಅದನ್ನು ‘ಇರಕಲ್’ ಎನ್ನುತ್ತಾರೆ. ಹುಡುಕುವ ಪದಗಳ ಜಾಗದಲ್ಲಿ Ilkal ಜತೆಗೆ Irkal ಎಂದೂ ಸೇರಿಸಿದೆವು.

ಒಗೆಯುವ ಸೂಚನೆ ಬರೆಯುವಾಗ ಎಲ್ಲರೂ ‘ಡ್ರೈ ಕ್ಲೀನ್ ಮಾತ್ರ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹತ್ತಿ ಮೈಯ ಸೀರೆಗೆ ಅದು ದುಬಾರಿ ಸಲಹೆ. ಇಳಕಲ್ ಸೀರೆಯನ್ನು ದಿನಾ ಉಟ್ಟು ಹೊಲಮನೆ ಕೆಲಸ ಮಾಡಿದವರಿಗೆ ಗೊತ್ತು, ಅದು ನೀರಿಗೆ ಹೆದರುವ ಸೀರೆಯಲ್ಲ. ಆದರೆ ಇಲ್ಲಿ ಒಂದೇ ಬಟ್ಟೆಯಲ್ಲಿ ಎರಡು ಸ್ವಭಾವದ ನೂಲುಗಳಿವೆ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ವಿಸ್ಕೋಸ್ ಅದಕ್ಕೆ ತದ್ವಿರುದ್ಧ, ಒದ್ದೆಯಾದಾಗ ಅದರ ಬಲ ಅರ್ಧದಷ್ಟು ಕುಗ್ಗಬಹುದು. ಅಂದರೆ ಬಕೆಟ್‌ನಿಂದ ತೆಗೆದು ಇಡೀ ಸೀರೆಯನ್ನು ಹಗ್ಗದಂತೆ ಹಿಂಡಿದರೆ ಮೈಗೆ ಏನೂ ಆಗುವುದಿಲ್ಲ, ದಡಿ ಮತ್ತು ಸೆರಗು ಪೆಟ್ಟು ತಿನ್ನುತ್ತವೆ. ಕೊಂಡಿಯ ಗೆರೆಯಲ್ಲಂತೂ ಗಟ್ಟಿ ನೂಲು ಮತ್ತು ಸೊರಗಿದ ನೂಲು ಒಂದನ್ನೊಂದು ಎಳೆಯುತ್ತಿರುತ್ತವೆ. ಹಿಂಡಬೇಡಿ ಎನ್ನುವುದಕ್ಕಿಂತ ಯಾಕೆ ಹಿಂಡಬಾರದು ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಜನ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ನನ್ನ ಅನಿಸಿಕೆ.

ಬಣ್ಣ ಬಿಡುತ್ತದೆಯೇ? ಕೆಂಪು ಸೆರಗಿನ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ‘ಗ್ಯಾರಂಟಿ ಬಣ್ಣ’ ಎಂದು ಬರೆಯುವ ಬದಲು, ಬಿಳಿ ಕರವಸ್ತ್ರದ ಮೂಲೆಯನ್ನು ಒದ್ದೆ ಮಾಡಿ ಸೆರಗಿನ ಒಳಬದಿಯಲ್ಲಿ ಹತ್ತು ಸಲ ಉಜ್ಜಿ ನೋಡಿದೆವು. ತಿಳಿಗುಲಾಬಿ ಬಣ್ಣ ಹತ್ತಿತು. ನೀಲಿ ಮೈಯಲ್ಲಿ ಏನೂ ಹತ್ತಲಿಲ್ಲ. ಕಂಡದ್ದನ್ನು ಹಾಗೆಯೇ ಬರೆದೆವು, ಮೊದಲ ಎರಡು ಮೂರು ಸಲ ಸೀರೆಯನ್ನು ಬೇರೆಯಾಗಿ ಒಗೆಯಲು ಹೇಳಿದೆವು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆಯನ್ನು ಸೇರಿಸಲಿಲ್ಲ. ಉಪ್ಪು ಬಣ್ಣವನ್ನು ನೂಲಿಗೆ ಕಾಯಂ ಆಗಿ ಕಟ್ಟಿಹಾಕುವುದಿಲ್ಲ, ಬಹಳ ಹೊತ್ತು ನೆನೆಸಿದರೆ ಕೆಂಪು ಪಕ್ಕದ ಬಿಳಿ ತೆನೆಗೆ ಇಳಿಯುವ ಅಪಾಯವೇ ಹೆಚ್ಚು.

ಫೋಟೊಗಳನ್ನು ಬೆಳಿಗ್ಗೆ ಬಾಗಿಲ ಬಳಿ, ನೇರ ಬಿಸಿಲು ಬೀಳದ ಕಡೆ ತೆಗೆದೆವು. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟರೆ ಬಣ್ಣ ತಪ್ಪಿದೆಯೇ ಎಂದು ಗೊತ್ತಾಗುತ್ತದೆ. ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಸುಳ್ಳು ಹೇಳುತ್ತಿದೆ ಎಂದರ್ಥ. ಫಿಲ್ಟರ್ ಇಲ್ಲ. ನಮ್ಮ ಸೀರೆಯ ಮೈಗೆ ಹಾಸು ಕಡುನೀಲಿ, ಹೊಕ್ಕು ಕಪ್ಪು. ಹಾಗಾಗಿ ಓರೆಯಾಗಿ ಹಿಡಿದರೆ ಬಣ್ಣ ಬೇರೆಯೇ ಕಾಣುತ್ತದೆ. ಅದನ್ನೂ ಬರೆಯಬೇಕಾಯಿತು.

ಕೊನೆಗೆ ಪುಟಕ್ಕೆ ಹೋದದ್ದು ಇದು:

‘ಇಳಕಲ್ ಕೈಮಗ್ಗದ ಸೀರೆ, ಕಡುನೀಲಿ ಮೈ, ಕೆಂಪು ಟೋಪ ತೆನಿ ಸೆರಗು, ಕೊಂಡಿ ನೇಯ್ಗೆ. ಮೈ: ಹತ್ತಿ, ನೀಲಿ ಹಾಸು, ಕಪ್ಪು ಹೊಕ್ಕು, ಓರೆಯಾಗಿ ನೋಡಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ದಡಿ: ಗೋಮಿ, 3 ಇಂಚು, ಕೃತಕ ರೇಷ್ಮೆ (ವಿಸ್ಕೋಸ್). ಸೆರಗು: 22 ಇಂಚು, ಹಾಸು ಕೃತಕ ರೇಷ್ಮೆ. ಈ ಸೀರೆಯಲ್ಲಿ ನಿಜವಾದ ರೇಷ್ಮೆ ಇಲ್ಲ. ಸೆರಗಿನ ಹಾಸನ್ನು ಬೇರೆಯಾಗಿ ಮಾಡಿ ಮೈಗೆ ಕೈಯಿಂದ ಸೇರಿಸಲಾಗಿದೆ: ಕುಚ್ಚಿನಲ್ಲಿ ನೀಲಿ ಎಳೆ ಇಲ್ಲದಿರುವುದನ್ನು 4ನೇ ಫೋಟೊದಲ್ಲಿ, ಕೊಂಡಿಯ ಗೆರೆಯನ್ನು 5ನೇ ಫೋಟೊದಲ್ಲಿ ನೋಡಿ. ಉದ್ದ 5.5 ಮೀಟರ್. ಕುಪ್ಪಸದ ಬಟ್ಟೆ ಇಲ್ಲ. ಇಳಕಲ್‌ನಲ್ಲಿ (ಬಾಗಲಕೋಟೆ ಜಿಲ್ಲೆ) ನಮ್ಮ ಮನೆಯ ಕುಣಿ ಮಗ್ಗದಲ್ಲಿ ನೇಯ್ದದ್ದು; ಮಗ್ಗದ ಮೇಲಿದ್ದಾಗಿನ ಚಿತ್ರ 6ನೇ ಫೋಟೊ. ಎಳೆಗಳ ದಟ್ಟಣೆ ಅಲ್ಲಲ್ಲಿ ತುಸು ಹೆಚ್ಚು ಕಡಿಮೆ ಇರುತ್ತದೆ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಕೆಂಪು ಸ್ವಲ್ಪ ಹತ್ತುತ್ತದೆ: ಮೊದಲ ಮೂರು ಸಲ ತಣ್ಣೀರಿನಲ್ಲಿ ಬೇರೆಯಾಗಿ, ಸೌಮ್ಯ ಸೋಪಿನಲ್ಲಿ, ನೆನೆಸದೆ ಒಗೆಯಿರಿ. ದಡಿ, ಸೆರಗು ಒದ್ದೆಯಾದಾಗ ಮೆದುವಾಗುತ್ತವೆ, ಹಿಂಡಬೇಡಿ. ನೆರಳಿನಲ್ಲಿ ಒಣಗಿಸಿ. ಮಧ್ಯಮ ಬಿಸಿಯಲ್ಲಿ ಹಿಂಬದಿಯಿಂದ ಇಸ್ತ್ರಿ ಮಾಡಿ. ಬೆಲೆ ₹2,600.’

ಕುಪ್ಪಸದ ಬಟ್ಟೆ ಇಲ್ಲ ಎಂಬ ಸಾಲನ್ನು ಸೇರಿಸಿದ್ದು ಅವ್ವನ ಸೂಚನೆ. ಹಳೆಯ ಕ್ರಮದಲ್ಲಿ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಜೋಡಿ. ಸೀರೆಯ ಜತೆ ಅದು ಬರುವುದಿಲ್ಲ. ಬೆಂಗಳೂರಿನವರು ಇದೆ ಎಂದೇ ಎಣಿಸಿ, ಬಂದ ಮೇಲೆ ಬೇಸರಪಡುತ್ತಾರಂತೆ.

‘ಈ ಸೀರೆಯಲ್ಲಿ ನಿಜವಾದ ರೇಷ್ಮೆ ಇಲ್ಲ’ ಎಂಬ ಸಾಲನ್ನು ಗೆಳೆಯ ಎರಡು ಸಲ ಅಳಿಸಿದ, ಎರಡು ಸಲವೂ ಅವನ ಅವ್ವ ಮತ್ತೆ ಬರೆಸಿದರು. ಮೊದಲ ವಾರ ಯಾರೂ ಕೊಳ್ಳಲಿಲ್ಲ, ಅವನು ನನ್ನ ಮುಖ ನೋಡುತ್ತಿದ್ದ. ಹನ್ನೊಂದನೆಯ ದಿನ ಪುಣೆಯಿಂದ ಒಬ್ಬರು ಸಂದೇಶ ಕಳುಹಿಸಿದರು. ಅವರು ಬಣ್ಣ ಕೇಳಲಿಲ್ಲ, ರಿಯಾಯಿತಿಯನ್ನೂ ಕೇಳಲಿಲ್ಲ. 4ನೇ ಫೋಟೊ ಇನ್ನೂ ಹತ್ತಿರದಿಂದ ತೆಗೆದದ್ದು ಇದೆಯೇ ಎಂದು ಕೇಳಿದರು. ಕಳುಹಿಸಿದೆವು. ಅರ್ಧ ಗಂಟೆಯ ನಂತರ ಬಂದ ಪ್ರಶ್ನೆ ಬೇರೆಯೇ ಇತ್ತು: ಇದೇ ಸೆರಗಿನಲ್ಲಿ, ನಿಜವಾದ ರೇಷ್ಮೆ ಹಾಕಿ, ಒಂಬತ್ತು ಗಜದ್ದು ನೇಯ್ದು ಕೊಡುವಿರಾ, ಎಷ್ಟು ದಿನ ಬೇಕು, ಎಷ್ಟಾಗುತ್ತದೆ? ನೀಲಿ ಸೀರೆಯನ್ನೂ ಕೊಂಡರು. ಒಂಬತ್ತು ಗಜಕ್ಕೆ ಎಷ್ಟು ರೇಷ್ಮೆ ಬೇಕು ಎಂಬ ಲೆಕ್ಕ ಹಾಕಲು ಅವ್ವ ಮಾಲೀಕರ ಅಂಗಡಿಗೆ ಹೋಗಿದ್ದಾರೆ.